ಬೋರ್ಡು ಹಳೆಯದು, ಕೈ ಹೊಸದು

ಸತ್ತವರ ಹೆಸರಿನಲ್ಲಿ ಯಾರಾದರೂ ಓಟು ಹಾಕಿದರೆ ನಾವು ಅದನ್ನು ಅಕ್ರಮ ಎನ್ನುತ್ತೇವೆ. ಆದರೆ ಕೆಲಸ ಬಿಟ್ಟುಹೋದ ಅಡುಗೆಯವನ ಹೆಸರಿನಲ್ಲಿ ದಿನಕ್ಕೆ ನೂರು ಪ್ಲೇಟು ಬಿರಿಯಾನಿ ಮಾರಿದರೆ ಅದಕ್ಕೆ ವ್ಯಾಪಾರ ಎನ್ನುತ್ತೇವೆ. ಎರಡರಲ್ಲೂ ಆಗುವುದು ಒಂದೇ. ಇಲ್ಲದ ಮನುಷ್ಯನ ಲೆಕ್ಕದಲ್ಲಿ ಇರುವ ಮನುಷ್ಯ ಲಾಭ ಮಾಡಿಕೊಳ್ಳುತ್ತಾನೆ.

ಶಿವಮೊಗ್ಗಕ್ಕೆ ಈಗ ಹೊರಗಿನವರು ಬರುವುದು ಹೆಚ್ಚಾಗಿದೆ. ಜೋಗಕ್ಕೆ, ಆಗುಂಬೆಗೆ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವವರು ಇಲ್ಲೇ ಇಳಿಯುತ್ತಾರೆ. 2023ರಲ್ಲಿ ವಿಮಾನ ನಿಲ್ದಾಣವೂ ಬಂತು. ಮೊದಲಾದರೆ ಬಸ್ಸಿಳಿದವನು ಆಟೋದವನನ್ನು ಕೇಳುತ್ತಿದ್ದ: 'ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತಪ್ಪಾ?' ಆಟೋದವನು ನಿನ್ನೆ ಮೊನ್ನೆ ತಿಂದವನು. 'ಮೊದಲು ಅಲ್ಲಿ ಚೆನ್ನಾಗಿತ್ತು ಸಾರ್, ಈಗ ಕೈ ಬದಲಾಗಿದೆ' ಎಂದು ಒಂದು ಮಾತಿನಲ್ಲಿ ವಿಷಯ ಮುಗಿಸುತ್ತಿದ್ದ. ಈಗ ಬಂದವನು ಮೊಬೈಲು ನೋಡುತ್ತಾನೆ. ಅದರಲ್ಲಿ 4.3 ಎಂದಿದೆ, ಸಾವಿರದ ಇನ್ನೂರು ಜನ ಹೇಳಿದ್ದಾರೆ ಎಂದಿದೆ. ಆ ಸಾವಿರದ ಇನ್ನೂರು ಜನ ಯಾವ ವರ್ಷ ತಿಂದರು, ಯಾರ ಕೈಯಲ್ಲಿ ತಿಂದರು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಆಟೋದವನಿಗೆ ಗೊತ್ತಿದ್ದ 'ಈಗ' ಎಂಬ ಪದ ಆ ಅಂಕಿಗೆ ಗೊತ್ತಿಲ್ಲ.

ನನ್ನ ವಾದ ಇಷ್ಟೇ. ರಿವ್ಯೂ ಎನ್ನುವುದು ಬೋರ್ಡಿನ ಮೇಲೆ ಬರೆದದ್ದಲ್ಲ, ಅದು ಒಂದು ಕೈಯ ಬಗ್ಗೆ ಕೊಟ್ಟ ಸಾಕ್ಷಿ. ಆ ಕೈ ಹೊರಟುಹೋದ ದಿನ ಆ ಸಾಕ್ಷಿಯೂ ಅದರ ಜೊತೆ ಹೊರಡಬೇಕು. ಹೊಗಳಿಕೆಗೂ ಇದೇ ನ್ಯಾಯ, ತೆಗಳಿಕೆಗೂ ಇದೇ ನ್ಯಾಯ. ಆದರೆ ಹೋಟೆಲಿನಲ್ಲಿ ಕೆಲಸ ಮಾಡುವುದು ಒಂದೇ ಕೈಯಲ್ಲ. ಆದ್ದರಿಂದ ಯಾವ ಕೈ ಹೋಯಿತು, ಯಾವುದು ಉಳಿಯಿತು ಎಂದು ಕೇಳದೆ ಹಳೆಯ ಮಾತನ್ನು ಪೂರ್ತಿ ನಂಬುವುದೂ ತಪ್ಪು, ಪೂರ್ತಿ ಎಸೆಯುವುದೂ ತಪ್ಪು.

ನಮ್ಮೂರಿನ ಒಂದು ಸಾಧಾರಣ ಬಿರಿಯಾನಿ ಹೋಟೆಲನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲ ಕೈ ಉಸ್ತಾದನದು. ಅಕ್ಕಿಯನ್ನು ಎಷ್ಟು ಬೇಯಿಸಿ ನೀರಿನಿಂದ ತೆಗೆಯಬೇಕು ಎಂಬುದು ಅವನಿಗೆ ಗಡಿಯಾರದಿಂದ ಗೊತ್ತಾಗುವುದಿಲ್ಲ. ಎರಡು ಬೆರಳ ನಡುವೆ ಒಂದು ಅಗುಳು ಹಿಚುಕಿ ನೋಡುತ್ತಾನೆ. ಹೊರಗೆ ಮೆತ್ತಗಾಗಿ ನಡುವೆ ಒಂದು ಸಣ್ಣ ಗಟ್ಟಿ ಉಳಿದಿದ್ದರೆ ಬಸಿಯುತ್ತಾನೆ. ಉಳಿದದ್ದು ದಮ್ಮಿನಲ್ಲಿ ಬೇಯುತ್ತದೆ. ಎರಡು ನಿಮಿಷ ತಡವಾದರೆ ಆ ದಿನ ಬಿರಿಯಾನಿಯಲ್ಲ, ಮುದ್ದೆ. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ, ಹಳೆಯ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ. ಮೂಟೆ ಬದಲಾದ ದಿನ ಅವನ ಬೆರಳೂ ತನ್ನ ಲೆಕ್ಕ ಬದಲಿಸಬೇಕು. ಕನ್ನಡದಲ್ಲಿ ಇದಕ್ಕೆ ಕೈಗುಣ ಎಂಬ ಒಳ್ಳೆಯ ಮಾತಿದೆ. ನಮ್ಮ ಮನೆಗಳಲ್ಲಿ ಹಾಥ್ ಕಾ ಮಜಾ ಎನ್ನುತ್ತೇವೆ. ಎರಡು ಭಾಷೆಯೂ ರುಚಿಯನ್ನು ಅಂಗಡಿಗೆ ಕೊಡಲಿಲ್ಲ, ಕೈಗೆ ಕೊಟ್ಟವು.

ಎರಡನೆಯ ಕೈ ಗಲ್ಲಾದ ಮೇಲೆ ಕುಳಿತವನದು. ಕಿಲೋ ಅಕ್ಕಿಗೆ ಕಿಲೋ ಮಾಂಸ ಬೀಳಬೇಕೋ ಮುಕ್ಕಾಲು ಕಿಲೋ ಸಾಕೋ, ಕಬಾಬಿನ ಬಾಣಲೆಯ ಎಣ್ಣೆಯನ್ನು ಇವತ್ತು ಚೆಲ್ಲಬೇಕೋ ನಾಳೆಗೂ ಇಡಬೇಕೋ, ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಏನು ಮಾಡಬೇಕು, ಇದೆಲ್ಲ ನಿರ್ಧಾರವಾಗುವುದು ಅಲ್ಲಿ. ಎಣ್ಣೆಯ ವಿಷಯದಲ್ಲಿ ಕಾನೂನೇ ಇದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ಶೇಕಡಾ 25 ಮೀರಿದರೆ ಅದನ್ನು ಬಳಸಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಯಂತ್ರ ಗಿರಾಕಿಯ ಕೈಯಲ್ಲಿಲ್ಲ. ಆದರೆ ಕಪ್ಪಾಗಿ ಮಂದವಾದ, ಬಾಣಲೆಯಲ್ಲಿ ನೊರೆ ಏಳುವ, ತಿಂದ ಮೇಲೆ ಗಂಟಲು ಕೆರೆಯುವ ಎಣ್ಣೆ ಯಾರಿಗೂ ಗೊತ್ತಾಗುತ್ತದೆ. ಅದು ಉಸ್ತಾದನ ತಪ್ಪಲ್ಲ. ಡಬ್ಬ ಒಡೆಯಲು ಅಪ್ಪಣೆ ಕೊಡಬೇಕಾದವನ ತಪ್ಪು.

ಮೂರನೆಯ ಕೈಯನ್ನು ಯಾವ ರಿವ್ಯೂ ಕೂಡ ಕಂಡಿಲ್ಲ. ಎಷ್ಟೋ ಸಣ್ಣ ಹೋಟೆಲುಗಳಲ್ಲಿ ಮಸಾಲೆ ತಯಾರಾಗುವುದು ಹೋಟೆಲಿನಲ್ಲಲ್ಲ, ಮಾಲೀಕನ ಮನೆಯಲ್ಲಿ. ಅವನ ತಾಯಿಯೋ ಹೆಂಡತಿಯೋ ಚಕ್ಕೆ, ಲವಂಗ, ಏಲಕ್ಕಿ, ಕೊತ್ತಂಬರಿ ಹುರಿದು ಪುಡಿ ಮಾಡಿ ಡಬ್ಬಕ್ಕೆ ತುಂಬಿ ಕಳಿಸುತ್ತಾಳೆ. ಉಸ್ತಾದನಿಗೂ ಅದರ ಅಳತೆ ಗೊತ್ತಿರುವುದಿಲ್ಲ. ಉಸ್ತಾದ ಓಡಿಹೋದರೂ ರುಚಿ ಓಡಿಹೋಗಬಾರದು ಎಂದು ಮಾಲೀಕ ಮಾಡಿಕೊಂಡ ಉಪಾಯ ಅದು. ಇಂಥ ಹೋಟೆಲಿನಲ್ಲಿ ಅಡುಗೆಯವನು ಬದಲಾದರೆ ಅನ್ನದ ಹದ ಕೆಡಬಹುದು, ಪರಿಮಳ ಕೆಡುವುದಿಲ್ಲ. ಆದರೆ ಹೋಟೆಲು ಮಾರಾಟವಾದರೆ ಉಸ್ತಾದ ಅಲ್ಲೇ ಇದ್ದರೂ ಪರಿಮಳ ಹೋಗುತ್ತದೆ. ಏಕೆಂದರೆ ಮಾರಾಟವಾದದ್ದು ಕುರ್ಚಿ, ಮೇಜು, ಹಂಡೆ ಮತ್ತು ಬೋರ್ಡು. ಆ ಹೆಂಗಸಿನ ಕೈ ಮಾರಾಟದ ಪಟ್ಟಿಯಲ್ಲಿರಲಿಲ್ಲ. 'ಹೊಸ ಮಾಲೀಕರು ಅದೇ ಅಡುಗೆಯವರನ್ನು ಇಟ್ಟುಕೊಂಡಿದ್ದಾರೆ, ಆದರೂ ಏನೋ ಕಡಿಮೆ' ಎಂದು ಜನ ಗೊಣಗುವುದು ಇದಕ್ಕೇ. ಕಡಿಮೆಯಾದದ್ದು ಒಂದು ಹೆಂಗಸು. ಅವಳಿಗೆ ಸಂಬಳವೂ ಇರಲಿಲ್ಲ, ಹೆಸರೂ ಇರಲಿಲ್ಲ.

ಇಷ್ಟು ತಿಳಿದವನಿಗೆ ತಟ್ಟೆಯನ್ನು ಓದುವುದು ಕಷ್ಟವಲ್ಲ. ತೂಕ ಮೊದಲಿನಷ್ಟೇ ಇದೆ, ತುಂಡುಗಳೂ ಅಷ್ಟೇ ಇವೆ, ಆದರೆ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಅನ್ನ ಅಂಟು ಎಂದರೆ ಅಡುಗೆಯ ಕೈ ಬದಲಾಗಿದೆ. ಹದ ಸರಿಯಾಗಿದೆ, ಆದರೆ ತುಂಡು ಸಣ್ಣದಾಗಿದೆ, ಮೂಳೆ ಜಾಸ್ತಿಯಾಗಿದೆ, ಎಣ್ಣೆ ಕಪ್ಪಾಗಿದೆ, ಕೈತೊಳೆಯುವ ಜಾಗದಲ್ಲಿ ಸೋಪಿಲ್ಲ ಎಂದರೆ ಗಲ್ಲಾದ ಕೈ ಬದಲಾಗಿದೆ. ಹದವೂ ಸರಿ, ತೂಕವೂ ಸರಿ, ಆದರೆ ಊರಿನ ಎಲ್ಲ ಹೋಟೆಲುಗಳ ವಾಸನೆಯೇ ಇಲ್ಲೂ ಬರುತ್ತಿದೆ ಎಂದರೆ ಮನೆಯ ಡಬ್ಬ ನಿಂತು ಪೊಟ್ಟಣದ ಮಸಾಲೆ ಬಂದಿದೆ. ಆದರೆ ಒಂದು ತಟ್ಟೆಯಿಂದ ತೀರ್ಪು ಬೇಡ. ಉಸ್ತಾದ ತಂಗಿಯ ಮದುವೆಗೆ ಊರಿಗೆ ಹೋಗಿರಬಹುದು, ಅವನ ಜಾಗದಲ್ಲಿ ಎಂಟು ದಿನ ಕೈಯಾಳು ನಿಂತಿರಬಹುದು. ಬೇರೆ ಬೇರೆ ವಾರದಲ್ಲಿ ಎರಡು ಮೂರು ಸಲ ತಿಂದು ನೋಡಿ ಮಾತಾಡುವುದು ನ್ಯಾಯ.

ಉಸ್ತಾದ ಹೋಗುವ ರೀತಿಯಲ್ಲೂ ವ್ಯತ್ಯಾಸವಿದೆ. ಅವನು ಒಬ್ಬನೇ ಹೋದರೆ, ವರ್ಷಗಟ್ಟಲೆ ಅವನ ಪಕ್ಕದಲ್ಲಿ ನಿಂತ ಕೈಯಾಳು ಅದೇ ದಾರಿಯಲ್ಲಿ ಕೆಲವು ತಿಂಗಳು ನಡೆಸಿಕೊಂಡು ಹೋಗುತ್ತಾನೆ. ಗಿರಾಕಿಗೆ ಬೇಗ ಗೊತ್ತಾಗುವುದಿಲ್ಲ. ಆದರೆ ಜಗಳವಾಡಿ ಹೋದ ಉಸ್ತಾದ ತನ್ನ ಕೈಯಾಳುಗಳನ್ನೂ ಕರೆದುಕೊಂಡು ಹೋಗುತ್ತಾನೆ. ಆಗ ಆ ಅಡುಗೆಮನೆ ಒಂದೇ ರಾತ್ರಿಯಲ್ಲಿ ಬೇರೆ ಅಡುಗೆಮನೆಯಾಗುತ್ತದೆ. ಹೊರಗೆ ಬೋರ್ಡು ಮಾತ್ರ ಅದೇ ಲೈಟಿನಲ್ಲಿ ಹೊಳೆಯುತ್ತಿರುತ್ತದೆ. ಹೀಗೆ ಜಾಗ ಬಿಟ್ಟ ಒಬ್ಬ ಹಿರಿಯ ಉಸ್ತಾದ ಒಮ್ಮೆ ನನಗೆ ಹೇಳಿದ: 'ಏನ್ಮಾಡೋದು ಸಾಬ್, ಕೈ ನಂದು, ನಾಮ್ ಅವರದು. ಹೊಸ ಜಾಗದಲ್ಲಿ ನಾನು ಇವತ್ತು ಹುಟ್ಟಿದ ಮಗು.' ಹದಿನೈದು ವರ್ಷ ಅವನು ದುಡಿದು ಗಳಿಸಿದ ಹೊಗಳಿಕೆಯೆಲ್ಲ ಅವನಿಗೆ ಬಾಗಿಲು ತೋರಿಸಿದವರ ಹತ್ತಿರ ಉಳಿದಿತ್ತು.

ಈಗ ಆ ಅಂಕಿಯ ಲೆಕ್ಕ ಮಾಡೋಣ. ಒಂದು ಹೋಟೆಲಿಗೆ 1,200 ರಿವ್ಯೂ ಇವೆ, ಸರಾಸರಿ 4.3 ಎಂದುಕೊಳ್ಳಿ. ಉಸ್ತಾದ ಹೋದ, ಮಾಲೀಕನೂ ಬದಲಾದ, ಅಡುಗೆ ಹಾಳಾಯಿತು. ಆಮೇಲೆ ಬಂದ 60 ಜನ ಸಿಟ್ಟಿನಿಂದ ಬರೆದರು, ಅವರ ಸರಾಸರಿ 2.8. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಬರುವುದು 4.2. ಅರವತ್ತು ಜನ ಕೆಟ್ಟ ಊಟ ಮಾಡಿ ಎದ್ದು ಹೋದರೂ ಆ ಅಂಕಿ ಅಲುಗಾಡಿದ್ದು ಒಂದು ದಶಾಂಶ. ಅರವತ್ತೊಂದನೆಯವನು ಮೊಬೈಲು ನೋಡಿ ನಗುನಗುತ್ತಾ ಒಳಗೆ ಬರುತ್ತಾನೆ. ಹಳೆಯ ಹೊಗಳಿಕೆ ಇಲ್ಲಿ ಬರೀ ನೆನಪಲ್ಲ, ಅದು ಹೊಸ ಮಾಲೀಕನ ಬಂಡವಾಳ. ಅವನು ಕೊಂಡದ್ದೂ ಅದನ್ನೇ. ಹೋಟೆಲು ಕೈಬದಲಾಗುವಾಗ ಬಾಗಿಲ ಬೀಗದಕೈ ಕೊಟ್ಟ ಹಾಗೆ ಗೂಗಲ್ ಮ್ಯಾಪಿನ ಖಾತೆಯನ್ನೂ ಹೊಸಬರ ಹೆಸರಿಗೆ ವರ್ಗಾಯಿಸಬಹುದು. ಮಾಲೀಕ ಬದಲಾದ ಮಾತ್ರಕ್ಕೆ ಹಳೆಯ ರಿವ್ಯೂ ಅಳಿಯುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅಲ್ಲಿರುವ ಅನ್ಯಾಯ ಇನ್ನೂ ದೊಡ್ಡದು. ಗಲೀಜಿಗೆ ಹೆಸರಾದ ಒಂದು ಹೋಟೆಲು. 400 ರಿವ್ಯೂ, ಸರಾಸರಿ 3.1. ಗಲ್ಫಿನಿಂದ ಹಿಂದಿರುಗಿದ ಒಬ್ಬ ಯುವಕ ಉಳಿಸಿದ ದುಡ್ಡನ್ನೆಲ್ಲ ಹಾಕಿ ಅದನ್ನು ಕೊಳ್ಳುತ್ತಾನೆ. ನೆಲ ಹೊಸದು, ಒಲೆ ಹೊಸದು, ಉಸ್ತಾದ ಹೊಸಬ. ಬಂದವರೆಲ್ಲ ಮೆಚ್ಚಿ ಸರಾಸರಿ 4.6 ಕೊಡುತ್ತಾರೆ. ನಲವತ್ತು ಜನ ಹಾಗೆ ಕೊಟ್ಟ ಮೇಲೂ ಮೊಬೈಲು ತೋರಿಸುವುದು 3.2. ಅದು 4ಕ್ಕೆ ಮುಟ್ಟಬೇಕಾದರೆ ಅವನಿಗೆ ಇಂಥ 600 ರಿವ್ಯೂ ಬೇಕು. ವಾರಕ್ಕೆ ಐದು ಬಂದರೆ 120 ವಾರ, ಅಂದರೆ ಎರಡು ವರ್ಷಕ್ಕೂ ಹೆಚ್ಚು. ಅಷ್ಟು ದಿನ ಬಾಡಿಗೆ ಕಟ್ಟಿ ಕಾಯುವ ಶಕ್ತಿ ಎಷ್ಟು ಜನಕ್ಕಿದೆ? ತಾನು ಕಾಣದ ಇಲಿಗೆ, ತಾನು ಬಡಿಸದ ಹಳಸಲು ಸಾರಿಗೆ ಅವನು ದಂಡ ಕಟ್ಟುತ್ತಾನೆ. ಇನ್ನೊಬ್ಬನ ಪಾಪದ ಮೂಟೆಯನ್ನು ಇವನ ಬೆನ್ನಿಗೆ ಕಟ್ಟುವವರು ನಾವು, ಕಟ್ಟುತ್ತಿದ್ದೇವೆ ಎಂದು ನಮಗೆ ಗೊತ್ತೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮು, ಯಾರನ್ನೂ ತನ್ನ ಉದ್ಯೋಗ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ನಡೆಯುವುದಿಲ್ಲ ಎನ್ನುತ್ತದೆ. ಅದಕ್ಕೆ ಅಲ್ಲೇ ಒಂದು ವಿನಾಯಿತಿ. ವ್ಯಾಪಾರದ ಗುಡ್‌ವಿಲ್, ಅಂದರೆ ಗಳಿಸಿದ ಒಳ್ಳೆಯ ಹೆಸರನ್ನು ಮಾರಿದವನು, ಗೊತ್ತುಮಾಡಿದ ಒಂದು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂದು ಕೊಂಡವನಿಗೆ ಬರೆದುಕೊಡಬಹುದು. ಆ ಗಡಿ ನ್ಯಾಯಾಲಯಕ್ಕೆ ಸರಿ ಎನಿಸಬೇಕು, ಅಷ್ಟೇ. ಆದರೆ ಅಡುಗೆಯವನು ಸಂಬಳದ ಆಳು. ಕೆಲಸ ಬಿಟ್ಟ ಮೇಲೆ ಅವನು ಎದುರು ರಸ್ತೆಯಲ್ಲೇ ಒಲೆ ಹಚ್ಚಿದರೂ ಹಳೆಯ ಮಾಲೀಕ ತಡೆಯಲಾರ. ಅಂದರೆ ಹೆಸರನ್ನು ಮಾರಬಹುದು, ಕೈಯನ್ನು ಮಾರಲು ಬರುವುದಿಲ್ಲ ಎಂಬುದನ್ನು ಬ್ರಿಟಿಷರ ಕಾಲದ ಕಾನೂನೇ ಅರಿತಿತ್ತು. ಹೆಸರು ಕೊಂಡವನು ಕೈಯನ್ನೂ ಕೊಂಡಿದ್ದಾನೆ ಎಂದು ನಂಬುತ್ತಿರುವವರು ಗಿರಾಕಿಗಳಾದ ನಾವು ಮಾತ್ರ.

ಹೆಸರು ಮತ್ತು ಕೈ ಬೇರೆ ಬೇರೆ ದಾರಿ ಹಿಡಿಯುವುದನ್ನು ಕರ್ನಾಟಕ ಕಣ್ಣಾರೆ ನೋಡಿದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂ.ಟಿ.ಆರ್. ಯಾರಿಗೆ ಗೊತ್ತಿಲ್ಲ? ಅದರ ಪೊಟ್ಟಣದ ಆಹಾರದ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಕಂಪನಿ ಕೊಂಡಿತು. ಹೋಟೆಲು ಮಯ್ಯ ಕುಟುಂಬದಲ್ಲೇ ಉಳಿಯಿತು. ಪೊಟ್ಟಣದ ವ್ಯಾಪಾರವನ್ನು ಬೆಳೆಸಿದ ಸದಾನಂದ ಮಯ್ಯರು ಮುಂದೆ 'ಮಯ್ಯಾಸ್' ಎಂದು ತಮ್ಮದೇ ಹೊಸದನ್ನು ಆರಂಭಿಸಿದರು. ಈಗ ಹೇಳಿ, 'ಎಂ.ಟಿ.ಆರ್. ಅಂದರೆ ಎಂ.ಟಿ.ಆರ್.' ಎಂದು 1990ರಲ್ಲಿ ಯಾರೋ ಆಡಿದ ಮೆಚ್ಚುಗೆ ಇವತ್ತು ಯಾರಿಗೆ ಸಲ್ಲಬೇಕು? ಹೋಟೆಲಿನ ರವೆ ಇಡ್ಲಿಯ ಬಗ್ಗೆ ಆಡಿದ್ದಾದರೆ ಹೋಟೆಲಿಗೆ ಸಲ್ಲುತ್ತದೆ. ಪೊಟ್ಟಣದ ಬಗ್ಗೆ ಆಡಿದ್ದಾದರೆ ಯಾರಿಗೆ ಎಂದು ನಿಂತು ಯೋಚಿಸಬೇಕು. ಮೂರೂ ಕಡೆ ಒಳ್ಳೆಯ ತಿಂಡಿಯೇ ಇರಬಹುದು, ನನ್ನ ತಕರಾರು ರುಚಿಯದಲ್ಲ. ಒಂದು ಮಾತು ಮೂರು ವಿಳಾಸಕ್ಕೆ ಹೋಗಲಾರದು ಎಂಬುದಷ್ಟೇ ನನ್ನ ತಕರಾರು.

'ಹಾಗಾದರೆ ಮಾಲೀಕ ಬದಲಾದರೆ ಎಲ್ಲ ಮುಗಿದೇ ಹೋಯಿತೇ?' ಎಂದು ಕೇಳುವವರಿದ್ದಾರೆ. ಅವರಿಗೆ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೇ ಉತ್ತರ. 1943ರ ಸುಮಾರಿಗೆ ಉರಾಳರು ಶುರುಮಾಡಿದ ಹೋಟೆಲು ಅದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಮೊದಲಿನವರು ನಡೆಸಿದ್ದು ಇಪ್ಪತ್ತೇಳು ವರ್ಷ, ಎರಡನೆಯವರ ಮನೆತನ ನಡೆಸುತ್ತಿರುವುದು ಐವತ್ತು ದಾಟಿದೆ. ಇವತ್ತು ಅಲ್ಲಿ ದೋಸೆಗೆ ಸಾಲು ನಿಂತಿರುವುದು 1943ರ ಹೊಗಳಿಕೆಯಿಂದಲ್ಲ. ಕೈಬದಲಾದ ಮೇಲೆ ಅರ್ಧ ಶತಮಾನ ಪ್ರತಿ ಬೆಳಿಗ್ಗೆ ಹೊಯ್ದ ದೋಸೆಯಿಂದ. ಹೊಸ ಮಾಲೀಕ ಹಳೆಯ ಹೆಸರನ್ನು ಉಳಿಸಿಕೊಳ್ಳಬಹುದು, ಆದರೆ ಅದನ್ನು ಮತ್ತೊಮ್ಮೆ ತಾನೇ ಗಳಿಸಬೇಕು. ಗಳಿಸಿದ್ದಾನೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಅವನ ಕಾಲದಲ್ಲಿ ತಿಂದವರೇ ಹೊರತು ಅವನಿಗಿಂತ ಮೊದಲು ತಿಂದವರಲ್ಲ.

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಭದ್ರಾವತಿಗೆ ಹೋದರೆ ಇನ್ನೊಂದು ಪಾಠ ಕಾದಿದೆ. ಅಲ್ಲಿ ಮಾಲೀಕನೂ ಬದಲಾಗದೆ, ಉಸ್ತಾದನೂ ಬದಲಾಗದೆ ಊಟ ಬದಲಾಗುವುದನ್ನು ಕಾಣಬಹುದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಹಗಲು ರಾತ್ರಿ ಪಾಳಿಯಲ್ಲಿ ನಡೆಯುತ್ತಿತ್ತು. ಪಾಳಿ ಬಿಟ್ಟವರು, ಪಾಳಿಗೆ ಹೋಗುವವರು ದಿನಕ್ಕೆ ಹಲವು ಸಲ ಹೋಟೆಲು ತುಂಬುತ್ತಿದ್ದರು. ಅಂಥ ಕಡೆ ಒಂದು ಹಂಡೆ ಸಾರು ಎರಡು ಗಂಟೆ ಉಳಿಯುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೋದರೂ ಬಿಸಿ ಇರುತ್ತದೆ. ಕಾರ್ಖಾನೆಯ ಉತ್ಪಾದನೆ 2015-16ರ ಹೊತ್ತಿಗೆ ನಿಂತಿತು. ಅದೇ ಹೋಟೆಲು, ಅದೇ ಕೈ, ಅದೇ ಮಸಾಲೆ ಇದ್ದರೂ ತಿನ್ನುವವರು ಕಡಿಮೆಯಾದ ಕಡೆ ಮಧ್ಯಾಹ್ನದ ಸಾರೇ ರಾತ್ರಿಗೂ ಕಾಯುತ್ತದೆ, ಕಾಯಿಸಿ ಕಾಯಿಸಿ ಗಟ್ಟಿಯಾಗುತ್ತದೆ. 'ಯಾವಾಗ ಹೋದರೂ ತಾಜಾ' ಎಂದು 2013ರಲ್ಲಿ ಬರೆದವನು ಸುಳ್ಳು ಹೇಳಲಿಲ್ಲ. ಆದರೆ ಅವನು ಹೊಗಳಿದ್ದು ಹೋಟೆಲನ್ನಲ್ಲ, ತನಗೆ ಗೊತ್ತಿಲ್ಲದೆ ಕಾಗದ ಕಾರ್ಖಾನೆಯ ಸೈರನ್ನನ್ನು.

ಭದ್ರಾವತಿಯ ಜನಕ್ಕೆ ಈ ವಿವೇಕ ಬೇರೆ ವಿಷಯದಲ್ಲಿ ಚೆನ್ನಾಗಿಯೇ ಇದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಮೈಸೂರು ಸಂಸ್ಥಾನದ್ದು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು. ಹೆಸರಿನಲ್ಲಿ ಇನ್ನೂ ವಿಶ್ವೇಶ್ವರಯ್ಯನವರಿದ್ದಾರೆ. ಹಾಗೆಂದು ಅವರ ಕಾಲದ ಅಂಕವನ್ನು ಇವತ್ತಿನ ಆಡಳಿತಕ್ಕೆ ಯಾವ ಕಾರ್ಮಿಕನೂ ಕೊಡುವುದಿಲ್ಲ. ಕಾರ್ಖಾನೆಗೆ ಅನ್ವಯಿಸುವ ಬುದ್ಧಿಯನ್ನು ಅದರ ಗೇಟಿನೆದುರಿನ ಹೋಟೆಲಿಗೆ ಅನ್ವಯಿಸಲು ಏನು ಕಷ್ಟ?

ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ. ಹಳೆಯ ರಿವ್ಯೂ ಲೆಕ್ಕಕ್ಕಿಲ್ಲ ಎಂದರೆ ಕಳ್ಳನಿಗೆ ಬಾಗಿಲು ತೆರೆದಂತಲ್ಲವೇ? ಹಳಸಲು ತಿನ್ನಿಸಿ ಹೆಸರು ಕೆಡಿಸಿಕೊಂಡವನು ಬಾಗಿಲಿಗೆ 'ಹೊಸ ಆಡಳಿತದಲ್ಲಿ' ಎಂದು ಬಟ್ಟೆ ಕಟ್ಟಿ, ಭಾವಮೈದುನನನ್ನು ಗಲ್ಲಾದಲ್ಲಿ ಕೂರಿಸಿ ಹೊಸಬನಾಗಿಬಿಡುತ್ತಾನಲ್ಲ? ಆಗುತ್ತಾನೆ, ನಾವೆಲ್ಲ ನೋಡಿದ್ದೇವೆ. ಆದ್ದರಿಂದಲೇ ಬದಲಾವಣೆ ನಿಜವೋ ನಾಟಕವೋ ಎಂದು ತಿಳಿಯುವ ದಾರಿ ಬೇಕು. ಆ ದಾರಿ ನಿಮ್ಮ ಬಿಲ್ಲಿನಲ್ಲಿದೆ.

ಜಿ.ಎಸ್.ಟಿ. ಇರುವ ಹೋಟೆಲಿನ ಬಿಲ್ಲಿನಲ್ಲಿ ಹದಿನೈದು ಅಕ್ಷರಗಳ ಒಂದು ನಂಬರಿರುತ್ತದೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಮಾಲೀಕನ ಪ್ಯಾನ್ ನಂಬರು. ಆ ಹತ್ತರಲ್ಲಿ ನಾಲ್ಕನೆಯ ಅಕ್ಷರ P ಆಗಿದ್ದರೆ ಒಬ್ಬನೇ ವ್ಯಕ್ತಿಯ ವ್ಯಾಪಾರ, F ಆಗಿದ್ದರೆ ಪಾಲುದಾರಿಕೆ, C ಆಗಿದ್ದರೆ ಕಂಪನಿ. ಒಬ್ಬ ವ್ಯಕ್ತಿಯ ಹೋಟೆಲು ಇನ್ನೊಬ್ಬನಿಗೆ ನಿಜವಾಗಿ ಮಾರಾಟವಾದರೆ ಪ್ಯಾನ್ ಬದಲಾಗುತ್ತದೆ, ಅದರ ಜೊತೆ ಈ ನಂಬರೂ ಬದಲಾಗಲೇಬೇಕು. ಹಳೆಯ ಬಿಲ್ಲಿನ ನಂಬರು, ಹೊಸ ಬಿಲ್ಲಿನ ನಂಬರು ಒಂದೇ ಆಗಿದ್ದು ಅದರಲ್ಲಿ P ಇದ್ದರೆ 'ಹೊಸ ಆಡಳಿತ' ಎಂಬುದು ಬಟ್ಟೆಯ ಮೇಲಿನ ಮಾತು ಮಾತ್ರ. ಪಾಲುದಾರಿಕೆ ಮತ್ತು ಕಂಪನಿಗಳಲ್ಲಿ ಈ ಪರೀಕ್ಷೆ ಸೋಲುತ್ತದೆ. ಅಲ್ಲಿ ಒಳಗಿನ ಜನ ಪೂರ್ತಿ ಬದಲಾದರೂ ನಂಬರು ಅದೇ ಉಳಿಯಬಹುದು.

ಸಣ್ಣ ಹೋಟೆಲಿಗೆ ಜಿ.ಎಸ್.ಟಿ. ಇರಲಿಕ್ಕಿಲ್ಲ. ಆದರೆ ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನಂಬರು ಎಲ್ಲರಿಗೂ ಬೇಕು, ಅದನ್ನು ಕಾಣುವಂತೆ ತೂಗುಹಾಕಬೇಕು. ಅದರಲ್ಲಿ ಮೊದಲ ಅಂಕಿ 1 ಆದರೆ ಲೈಸೆನ್ಸು, 2 ಆದರೆ ನೋಂದಣಿ. ಮುಂದಿನ ಎರಡು ರಾಜ್ಯದ್ದು, ಅದರ ಮುಂದಿನ ಎರಡು ಅದನ್ನು ಕೊಟ್ಟ ವರ್ಷ. ಮಾಲೀಕ ತೀರಿಕೊಂಡರೆ ಇದು ವಾರಸುದಾರರ ಹೆಸರಿಗೆ ಆಗುತ್ತದೆ. ಹೋಟೆಲು ಕೊಂಡವನು ಮಾತ್ರ ಹೊಸದಾಗಿ ಪಡೆಯಬೇಕು. ಬೋರ್ಡಿನ ಮೇಲೆ '1985ರಿಂದ ನಿಮ್ಮ ಸೇವೆಯಲ್ಲಿ' ಎಂದಿದ್ದು, ಗೋಡೆಯ ಮೇಲಿನ ನಂಬರಿನಲ್ಲಿ ವರ್ಷದ ಜಾಗದಲ್ಲಿ 23 ಎಂದಿದ್ದರೆ ಒಂದು ಪ್ರಶ್ನೆ ಕೇಳಲು ನಿಮಗೆ ಹಕ್ಕಿದೆ. ಪ್ರಶ್ನೆ ಮಾತ್ರ, ತೀರ್ಪಲ್ಲ. ಏಕೆಂದರೆ ಸಮಯಕ್ಕೆ ನವೀಕರಿಸದೆ ಲೈಸೆನ್ಸು ತಪ್ಪಿಸಿಕೊಂಡ ಹಳೆಯ ಮಾಲೀಕನಿಗೂ ಹೊಸ ನಂಬರೇ ಬರುತ್ತದೆ. ಅಡುಗೆಯವನು ಬದಲಾದದ್ದನ್ನಂತೂ ಯಾವ ನಂಬರೂ ಹೇಳುವುದಿಲ್ಲ. ಅದನ್ನು ಮಾಣಿಯ ಹತ್ತಿರ ವಿಚಾರಿಸಬೇಕು, ಇಲ್ಲವೇ ನಾಲಿಗೆಯನ್ನು ನಂಬಬೇಕು.

ಹಾಗಾದರೆ ಹಳೆಯ ರಿವ್ಯೂವಿಗೆ ಎಷ್ಟು ತೂಕ? ನನ್ನ ಉತ್ತರ ಇದು. ಜಾಗ, ವಾಹನ ನಿಲ್ಲಿಸುವ ಅನುಕೂಲ, ಹೆಂಗಸರು ಮಕ್ಕಳು ಕೂರಲು ಪ್ರತ್ಯೇಕ ಕೋಣೆ ಇವು ಕಟ್ಟಡದ ಗುಣ. ಕಟ್ಟಡ ಬದಲಾಗುವ ತನಕ ಹಳೆಯ ಮಾತು ನಡೆಯುತ್ತದೆ. ಸ್ವಚ್ಛತೆ, ತೂಕ, ಬೆಲೆ, ಎಣ್ಣೆ, ನಡವಳಿಕೆ ಇವು ಮಾಲೀಕನ ಗುಣ. ಅವನು ಹೋದ ದಿನಕ್ಕಿಂತ ಹಿಂದಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹದ ಮತ್ತು ರುಚಿ ಅಡುಗೆಯವನ ಗುಣ, ಮನೆಯ ಮಸಾಲೆಯಿದ್ದ ಕಡೆ ಆ ಮನೆಯ ಗುಣ. ಅವರು ಹೋದ ಮೇಲೆ ಹಳೆಯ ಹೊಗಳಿಕೆಯನ್ನು ಹೋದವರ ಹಿಂದೆ ಕಳಿಸಿ. ಬದಲಾದ ದಿನ ಗೊತ್ತಿಲ್ಲದಿದ್ದರೆ ರಿವ್ಯೂಗಳನ್ನು Newest ಎಂಬ ಸಾಲಿನಲ್ಲಿ ಜೋಡಿಸಿ ಓದುತ್ತಾ ಹಿಂದೆ ಹೋಗಿ. ಒಂದು ತಿಂಗಳ ಆಚೆ ಎಲ್ಲರೂ ಒಂದು ಖಾದ್ಯವನ್ನು ಹೊಗಳುತ್ತಿದ್ದು, ಈಚೆಗೆ ಅದರ ಮಾತೇ ಇಲ್ಲದಿದ್ದರೆ ಅಲ್ಲಿ ಒಂದು ಕೈ ಎದ್ದು ಹೋಗಿದೆ ಎಂದು ತಿಳಿಯಿರಿ. ಆ ತಿಂಗಳ ಈಚೆಯದನ್ನು ಮಾತ್ರ ಎಣಿಸಿ. ಅವು ಹತ್ತೇ ಇರಲಿ, ಆಚೆಯ ಸಾವಿರಕ್ಕಿಂತ ನಿಮ್ಮ ಇವತ್ತಿನ ಊಟದ ಬಗ್ಗೆ ಹೆಚ್ಚು ಬಲ್ಲವು.

ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ನಮ್ಮ ಬಾಯಲ್ಲಿದೆ. ಆದರೂ ಅಪ್ಪ ಕರೆದುಕೊಂಡು ಹೋಗುತ್ತಿದ್ದ ಹೋಟೆಲೆಂದು ಹಳಸಲು ತಿಂದು ಬರುತ್ತೇವೆ, ಬಂದು ಮತ್ತೆ ನಾಲ್ಕು ಸ್ಟಾರು ಒತ್ತುತ್ತೇವೆ. ಅದು ಅಪ್ಪನ ನೆನಪಿಗೆ ಕೊಟ್ಟ ಸ್ಟಾರು. ಅದನ್ನು ನಂಬಿ ನಾಳೆ ಬೇರೆ ಊರಿನವನೊಬ್ಬ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬರುತ್ತಾನೆ.

2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಶಿಮೊಗದಿಂದ ಶಿವಮೊಗ್ಗವಾಯಿತು. ಹೆಸರು ಬದಲಾಯಿತು, ಊರು ಅದೇ ಉಳಿಯಿತು. ಅದಕ್ಕೆ ಗೆಜೆಟ್ಟಿನಲ್ಲಿ ಪ್ರಕಟಣೆ ಬೇಕಾಯಿತು. ಹೋಟೆಲಿನಲ್ಲಿ ಆಗುವುದು ತಲೆಕೆಳಗು. ಹೆಸರು ಅದೇ, ಒಳಗಿನದೆಲ್ಲ ಬೇರೆ, ಅದಕ್ಕೆ ಯಾವ ಪ್ರಕಟಣೆಯೂ ಇಲ್ಲ. ಹೋಟೆಲು ಕೊಂಡವರಲ್ಲಿ ನಾನು ಕೇಳುವುದು ಇಷ್ಟು: ಬೋರ್ಡಿನ ಕೆಳಗೆ ನೀವು ವಹಿಸಿಕೊಂಡ ತಿಂಗಳು ಮತ್ತು ವರ್ಷವನ್ನು ಬರೆಸಿ. ಪ್ರಾಮಾಣಿಕನಿಗೆ ಅದರಿಂದ ನಷ್ಟವಿಲ್ಲ. ಹಳೆಯ ಹೆಸರು ಕೆಟ್ಟಿದ್ದರೆ ನೀವು ಬಚಾವಾಗುತ್ತೀರಿ, ಒಳ್ಳೆಯದಿದ್ದರೆ ಅದನ್ನು ಉಳಿಸಿದ ಕೀರ್ತಿ ನಿಮಗೇ ಬರುತ್ತದೆ. ರಿವ್ಯೂ ಬರೆಯುವವರಲ್ಲಿ ಕೇಳುವುದು ಇನ್ನೊಂದು: 'ಸೂಪರ್' ಎಂದು ಬರೆದು ಕೈತೊಳೆಯಬೇಡಿ. ಏನು ತಿಂದಿರಿ, ಯಾವ ಹೊತ್ತಿನಲ್ಲಿ ತಿಂದಿರಿ ಎಂದು ಬರೆಯಿರಿ. ಅಡುಗೆಮನೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು ಮಾಡಿದವರ ಹೆಸರು ಕೇಳಿ. ಅವರು ಒಪ್ಪಿದರೆ ಅದನ್ನೂ ಬರೆಯಿರಿ. ಆ ಉಸ್ತಾದ ನಾಳೆ ಬೇರೆ ಒಲೆಯ ಮುಂದೆ ನಿಂತಾಗ ಅವನ ಹದಿನೈದು ವರ್ಷದಲ್ಲಿ ಒಂದಿಷ್ಟಾದರೂ ಅವನ ಜೊತೆ ಹೋಗಲಿ.